ಹುಡುಗನಿಗೆ ರಂಗೋಲಿ, ಹುಡುಗಿಗೆ ಸ್ಕ್ರೂಡ್ರೈವರ್: ಉಡುಗೊರೆ ಆರಿಸುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಎರಡು ಪ್ರಶ್ನೆಗಳಿವೆ. ಒಂದು: "ಅಕ್ಕನ ಮಗನಿಗೆ ಏಳು ತುಂಬುತ್ತೆ. ಕಾರು, ಬಂದೂಕು ಕೊಟ್ಟರೆ ಮೂಲೆಗೆ ಬಿಸಾಕ್ತಾನೆ. ರಂಗೋಲಿ ಹಾಕೋಕೆ ಮಾತ್ರ ದಿನಾ ಬೆಳಗ್ಗೆ ಅಜ್ಜಿ ಹಿಂದೆ ಹೊಸಿಲ ಹತ್ರ ಕೂತಿರ್ತಾನೆ. ಏನು ಕೊಡಲಿ?" ಇನ್ನೊಂದು: "ತಂಗಿ ಮಗಳಿಗೆ ಒಂಬತ್ತು. ಗೊಂಬೆ ಕೊಟ್ಟರೆ ಅದರ ಕೈಕಾಲು ಬಿಚ್ಚಿ ಒಳಗೇನಿದೆ ನೋಡ್ತಾಳೆ. ಅವಳಿಗೇನು ತರೋದು?" ಎರಡಕ್ಕೂ ಉತ್ತರ ಹುಡುಕುವ ದಾರಿ ಒಂದೇ. ಅದನ್ನು ಹಂತ ಹಂತವಾಗಿ ಇಲ್ಲಿ ಕೊಟ್ಟಿದ್ದೇವೆ. ರಂಗೋಲಿಯ ಹುಡುಗನನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಸಾಮಾನಿನ ಅಳತೆ, ತೂಕದವರೆಗೂ ಹೋಗೋಣ. ಬಿಚ್ಚುವ ಹುಡುಗಿ ನಡುವೆ ಬಂದು ಹೋಗುತ್ತಾಳೆ.

ಶುರು ಮಾಡುವ ಮೊದಲು ಬೇಕಾದದ್ದು ಮೂರೇ: ಮಗುವಿನ ಅಮ್ಮನ ಜೊತೆಗೋ ಅಪ್ಪನ ಜೊತೆಗೋ ಹತ್ತು ನಿಮಿಷದ ಫೋನು, ಬರೆದುಕೊಳ್ಳಲು ಒಂದು ಚೀಟಿ, ಮತ್ತು ಹುಟ್ಟುಹಬ್ಬಕ್ಕೆ ಮುಂಚೆ ಎರಡು ವಾರ. ಎರಡು ವಾರ ಯಾಕೆಂದರೆ, ಸಂಜೆ ಆರಕ್ಕೆ ಕೇಕ್ ಕತ್ತರಿಸುವ ಮನೆಗೆ ನಾಲ್ಕು ಗಂಟೆಗೆ ಅಂಗಡಿ ಹೊಕ್ಕು ಉಡುಗೊರೆ ತರುವವರು, ಅಂಗಡಿಯವರು ಕೌಂಟರ್ ಮೇಲೆ ತೆಗೆದಿಟ್ಟಿದ್ದನ್ನೇ ತರುತ್ತಾರೆ. ಆ ಕೌಂಟರ್ ಮೇಲೆ ಏನು ಬರಬೇಕೆಂಬುದು ಅವರು ಕೇಳುವ ಮೊದಲ ಪ್ರಶ್ನೆಯಲ್ಲೇ ತೀರ್ಮಾನ ಆಗಿಹೋಗಿರುತ್ತದೆ: "ಗಂಡು ಮಗುನಾ, ಹೆಣ್ಣು ಮಗುನಾ?"

1. ಸಾಮಾನಿನ ಹೆಸರು ಬಿಡಿ, ಮಗು ಏನು ಮಾಡುತ್ತದೆ ಅದನ್ನು ಬರೆದುಕೊಳ್ಳಿ

"ಅವನಿಗೆ ರಂಗೋಲಿ ಇಷ್ಟ" ಎಂಬ ಮಾತು ಉಡುಗೊರೆ ಆರಿಸಲು ಸಾಲದು. ರಂಗೋಲಿಯಲ್ಲಿ ಕೈ ಮಾಡುವ ಕೆಲಸ ಕನಿಷ್ಠ ನಾಲ್ಕು ಬಗೆಯದು. ಚುಕ್ಕಿ ಇಡುವುದು, ಅಂದರೆ ಅಳತೆ ಮತ್ತು ಎಣಿಕೆ. ಎಳೆ ಎಳೆಯುವುದು, ಅಂದರೆ ಮೂರು ಬೆರಳಿನ ಹಿಡಿತ. ಬಣ್ಣ ತುಂಬುವುದು. ಮತ್ತೆ, ಹೋಗಿ ಬರುವವರಿಗೆಲ್ಲ "ಇದು ನಾನು ಹಾಕಿದ್ದು" ಎಂದು ತೋರಿಸುವುದು. ನಿಮ್ಮ ಹುಡುಗನಿಗೆ ಇದರಲ್ಲಿ ಯಾವುದರ ಹುಚ್ಚು? ಚುಕ್ಕಿಯ ಎಣಿಕೆಯಲ್ಲಿ ಮುಳುಗುವ ಮಗುವಿಗೆ ಬಣ್ಣದ ಪುಡಿಯ ಡಬ್ಬಿಗಳು ಕೊಟ್ಟರೆ ಎರಡು ದಿನಕ್ಕೆ ಬೇಸರ. ಬಣ್ಣ ತುಂಬಲು ಕಾಯುವ ಮಗುವಿಗೆ ಚುಕ್ಕಿ ಪುಸ್ತಕ ಕೊಟ್ಟರೆ ಅದೂ ಹಾಗೆಯೇ.

ಅಡುಗೆ ಆಟಕ್ಕೂ ಇದೇ ಲೆಕ್ಕ. ಕೆಲವು ಮಕ್ಕಳು ಕಲಸುತ್ತಾರೆ, ಕೆಲವರು ಬಡಿಸುತ್ತಾರೆ, ಕೆಲವರು ಹೋಟೆಲ್ ಇಟ್ಟು ಬಿಲ್ ಬರೆಯುತ್ತಾರೆ. ಮೂರನೆಯ ಮಗುವಿಗೆ ಬೇಕಾದ್ದು ಪಾತ್ರೆ ಸೆಟ್ ಅಲ್ಲ, ಬಿಲ್ ಪುಸ್ತಕ ಮತ್ತು ಮೆನು ಬರೆಯಲು ಒಂದು ಸ್ಲೇಟು.

ಫೋನಿನಲ್ಲಿ ಕೇಳಬೇಕಾದ್ದು ಇಷ್ಟು: ಯಾರೂ ಹೇಳದೆ ತಾನಾಗಿ ಯಾವುದರ ಮುಂದೆ ತುಂಬಾ ಹೊತ್ತು ಕೂರುತ್ತದೆ? ಅದರಲ್ಲಿ ಯಾವ ಭಾಗ ಬೇರೆಯವರು ಮಾಡಿಕೊಟ್ಟರೆ ಸಿಟ್ಟು ಬರುತ್ತದೆ? ಈಗಾಗಲೇ ಮನೆಯಲ್ಲಿ ಏನಿದೆ? ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. "ಚುಕ್ಕಿ ಅಜ್ಜಿ ಇಟ್ಟುಕೊಟ್ರೆ ಓಕೆ, ಎಳೆ ಮಾತ್ರ ತಾನೇ ಎಳೀಬೇಕು, ಮುಟ್ಟಿದ್ರೆ ಅಳ್ತಾನೆ" ಎಂಬ ಉತ್ತರ ಬಂತೆಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಚೀಟಿಯಲ್ಲಿ ಬರೆದುಕೊಳ್ಳಿ: "ಎಳೆ ಎಳೆಯುತ್ತಾನೆ. ಏಳು ವರ್ಷ." ಅಂಗಡಿಗೆ ಹೋಗುವಾಗ ಈ ಚೀಟಿ ಜೇಬಿನಲ್ಲಿರಲಿ.

ಇಲ್ಲಿ ಜನ ಬೀಳುವ ಗುಂಡಿ ಎರಡು. ಒಂದು, ಸರಿದೂಗಿಸುವುದು: ರಂಗೋಲಿ ಸಾಮಾನಿನ ಜೊತೆಗೆ "ಇರಲಿ" ಎಂದು ಒಂದು ಕ್ರಿಕೆಟ್ ಬ್ಯಾಟನ್ನೂ ಸೇರಿಸುವುದು. ಬ್ಯಾಟ್ ಆ ಮಗುವಿಗೆ ಇಷ್ಟವಿದ್ದರೆ ಬೇರೆ ಮಾತು. ಇಷ್ಟವಿಲ್ಲದಿದ್ದರೆ, ಬ್ಯಾಟ್ ಯಾಕೆ ಬಂತೆಂದು ಏಳು ವರ್ಷದ ಮಗುವಿಗೆ ಚೆನ್ನಾಗಿಯೇ ತಿಳಿಯುತ್ತದೆ. ಇನ್ನೊಂದು, ಇದರ ತದ್ವಿರುದ್ಧ: ರಂಗೋಲಿ ಇಷ್ಟಪಡುವ ಹುಡುಗನಿಗೆ ಗೊಂಬೆಯೂ ಬಳೆಯೂ ಇಷ್ಟವಿರಲೇಬೇಕು ಎಂದು ಲೆಕ್ಕ ಹಾಕಿ ಅವನ್ನೂ ತರುವುದು. ಅವನು ಕೇಳಿದ್ದು ರಂಗೋಲಿ. ಅದರಿಂದ ಅವನ ಬಗ್ಗೆ ಬೇರೇನನ್ನೂ ಊಹಿಸಲು ಹೋಗಬೇಡಿ, ಒಳ್ಳೆಯದನ್ನೂ ಸಹ.

2. ಅಂಗಡಿಯಲ್ಲಿ ಆ ಮೊದಲ ಪ್ರಶ್ನೆಗೆ ಉತ್ತರ

"ಗಂಡಾ ಹೆಣ್ಣಾ" ಎಂದು ಕೇಳಿದವರ ಜೊತೆ ವಾದಕ್ಕೆ ನಿಲ್ಲಬೇಕಾಗಿಲ್ಲ. ಅವರಿಗೆ ಅದು ಯಾವ ಕಪಾಟು ತೋರಿಸಬೇಕೆಂಬ ಗುರುತು, ಅಷ್ಟೇ. ಬೇರೆ ಗುರುತು ಕೊಟ್ಟರಾಯಿತು: "ಏಳು ವರ್ಷ. ಬೆರಳಲ್ಲಿ ಸೂಕ್ಷ್ಮವಾಗಿ ಗೆರೆ ಎಳೆಯೋ ಥರದ್ದು ಏನಿದೆ ತೋರಿಸಿ." ಮತ್ತೆ ಕೇಳಿದರೆ, "ಇಬ್ಬರು ಮಕ್ಕಳು, ಒಟ್ಟಿಗೆ ಆಡ್ತಾರೆ" ಎಂದರೆ ಎರಡೂ ಕಪಾಟು ತೆರೆದುಕೊಳ್ಳುತ್ತವೆ. ಸಣ್ಣ ಸುಳ್ಳು, ಆದರೆ ಕೆಲಸಕ್ಕೆ ಬರುತ್ತದೆ.

ಆನ್‌ಲೈನ್‌ನಲ್ಲಿ ಇನ್ನೂ ಸುಲಭ. ಪಕ್ಕದ ಪಟ್ಟಿಯಲ್ಲಿ ಬಾಯ್ಸ್, ಗರ್ಲ್ಸ್ ಎಂಬ ಚೌಕಗಳಿರುತ್ತವೆ. ಎರಡನ್ನೂ ಒತ್ತದೆ ಬಿಟ್ಟು, ವಯಸ್ಸು ಮಾತ್ರ ಒತ್ತಿ, ಕೆಲಸದ ಹೆಸರು ಹಾಕಿ ಹುಡುಕಿ. ನೇಯುವುದು, ಹೆಣೆಯುವುದು, ಬಿಚ್ಚುವುದು, ಕಟ್ಟುವುದು, ಹೀಗೆ. ಅಮೆರಿಕದಲ್ಲಿರುವ ಓದುಗರಿಗೆ ಒಂದು ಮಾತು: ಕ್ಯಾಲಿಫೋರ್ನಿಯಾದಲ್ಲಿ 500 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ದೊಡ್ಡ ಮಳಿಗೆಗಳು ಮಕ್ಕಳ ಸಾಮಾನಿಗೆ ಗಂಡು ಹೆಣ್ಣೆಂದು ಭಾಗ ಮಾಡದ ಒಂದು ವಿಭಾಗ ಇಟ್ಟಿರಬೇಕೆಂಬ ಕಾನೂನು 2024ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿಂದಲೇ ಶುರು ಮಾಡಬಹುದು.

ಒಂದೇ ಸಾಮಾನು "ಹುಡುಗರದ್ದು", "ಹುಡುಗಿಯರದ್ದು" ಎಂದು ಎರಡು ರೂಪದಲ್ಲಿ ಬಂದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಣ್ಣ ನೋಡುವುದಕ್ಕಲ್ಲ. ತುಂಡುಗಳೆಷ್ಟು, ತೂಕವೆಷ್ಟು, ಬೆಲೆಯೆಷ್ಟು ಎಂದು. ಸೈಕಲ್ಲಾದರೆ ಚಕ್ರದ ಅಳತೆ ಮತ್ತು ಬ್ರೇಕು, ಬಟ್ಟೆಯಾದರೆ ಜೇಬು. ಹುಡುಗಿಯರ ಪ್ಯಾಂಟಿನ ಜೇಬಿಗೆ ಕೈ ಹಾಕಿ ನೋಡಿ. ಬೆರಳಿನ ಗೆಣ್ಣಿನವರೆಗೂ ಹೋಗದ ಜೇಬುಗಳು, ಹೊಲಿಗೆ ಮಾತ್ರ ಇದ್ದು ಜೇಬೇ ಇಲ್ಲದ ಜೇಬುಗಳು ಬೇಕಾದಷ್ಟಿವೆ. ಕಲ್ಲು, ಬೀಜ, ಸ್ಕ್ರೂ ಕೂಡಿಡುವ ಹುಡುಗಿಗೆ ಅದು ಯಾವ ಸುಖಕ್ಕೆ?

3. ಆಟದ ನಕಲು ಬೇಡ, ಮಗುವಿನ ಕೈಯಳತೆಯ ನಿಜವಾದ ಸಾಮಾನು ಕೊಡಿ

ಆರೇಳು ವರ್ಷ ದಾಟಿದ ಮಕ್ಕಳಿಗೆ ಇದು ತುಂಬ ಮುಖ್ಯ. ಹೀಗೆ ಗೆರೆ ದಾಟುವ ಮಕ್ಕಳಿಗಂತೂ ಇನ್ನೂ ಮುಖ್ಯ. "ಹುಡುಗಿಯರಿಗೆ" ಎಂದು ಬರೆದ ಟೂಲ್ ಕಿಟ್ಟಿನ ಒಳಗೆ ಎಷ್ಟೋ ಬಾರಿ ಇರುವುದು ಮೆತ್ತನೆಯ ಲೋಹ ಅಥವಾ ಪ್ಲಾಸ್ಟಿಕ್ಕು. ಸ್ಕ್ರೂಡ್ರೈವರ್‌ನ ತುದಿ ಎರಡನೇ ಸ್ಕ್ರೂಗೆ ಸವೆದು ಗುಂಡಾಗುತ್ತದೆ, ಜಾರುತ್ತದೆ, ಸ್ಕ್ರೂವಿನ ತಲೆಯನ್ನೂ ತಿಂದುಹಾಕುತ್ತದೆ. ಮಗು ಅಂದುಕೊಳ್ಳುವುದು "ನನಗೆ ಬರೋದಿಲ್ಲ" ಎಂದು. ಕೆಟ್ಟದ್ದು ಸಾಮಾನು.

ಹಾಗಾಗಿ ಆ ಒಂಬತ್ತು ವರ್ಷದ ಹುಡುಗಿಗೆ ಮೂವತ್ತು ತುದಿಗಳ ಪೆಟ್ಟಿಗೆ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೇ ಎರಡು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್ ಕೇಳಿ: ಪಿಎಚ್0 ಮತ್ತು ಪಿಎಚ್1. ಇವು ತುದಿಯ ಅಳತೆಯ ಹೆಸರುಗಳು, ಹಿಡಿಯ ಮೇಲೆ PH0, PH1 ಎಂದು ಬರೆದಿರುತ್ತದೆ. ಕಡ್ಡಿ ಗಿಡ್ಡವಿರಲಿ, 75 ಮಿಲಿಮೀಟರ್ ಸಾಕು. ಹಿಡಿ ದಪ್ಪವಿರಲಿ. ಉದ್ದ ಕಡ್ಡಿಯಾದರೆ ಸಣ್ಣ ಕೈಗೆ ನೆಟ್ಟಗೆ ಒತ್ತಿ ಹಿಡಿಯಲು ಆಗುವುದಿಲ್ಲ. ಜೊತೆಗೆ ಬಿಚ್ಚಲು ಒಂದು ಸಾಮಾನು ಬೇಕೇ ಬೇಕು. ಕೆಟ್ಟುಹೋದ ತಂತಿಯ ಮೌಸ್ ಅಥವಾ ಕಂಪ್ಯೂಟರ್ ಕೀಬೋರ್ಡ್ ಒಳ್ಳೆಯ ಆರಂಭ. ಮೌಸಿನ ಸ್ಕ್ರೂ ಕಾಣದಿದ್ದರೆ ಅಡಿಯ ಜಾರುಪಟ್ಟಿಯನ್ನು ಎಬ್ಬಿಸಿ ನೋಡಲು ಹೇಳಿ, ಅಲ್ಲಿ ಅಡಗಿರುತ್ತದೆ. ಇನ್ನೊಂದು, ನಿಂತುಹೋದ ಗೋಡೆ ಗಡಿಯಾರ. ಅದರ ಹಿಂದಿನ ಕಪ್ಪು ಪೆಟ್ಟಿಗೆಗೆ ಸಾಮಾನ್ಯವಾಗಿ ಸ್ಕ್ರೂ ಇರುವುದಿಲ್ಲ, ಪ್ಲಾಸ್ಟಿಕ್ ಕೊಕ್ಕೆಗಳಿರುತ್ತವೆ. ಸೆಲ್ ತೆಗೆದು ಕೊಕ್ಕೆ ಬಿಡಿಸಿದರೆ ಹಲ್ಲುಚಕ್ರಗಳು, ಕೂದಲೆಳೆಯ ತಾಮ್ರದ ತಂತಿ ಸುತ್ತಿದ ಸುರುಳಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಲೋಹದ ಕೊಳವೆ ಸಿಗುತ್ತವೆ. ಆ ಕೊಳವೆಯೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಅದುರುವುದರಿಂದಲೇ ಗಡಿಯಾರ ಸಮಯ ಎಣಿಸುವುದು. ಬಿಚ್ಚಿದ ಕ್ರಮದಲ್ಲೇ ಸ್ಕ್ರೂಗಳನ್ನು ಇಡಲು ಒಂದು ಮೊಟ್ಟೆ ಟ್ರೇ ಸೇರಿಸಿ. ಅದಿಲ್ಲದಿದ್ದರೆ ಮರಳಿ ಜೋಡಿಸುವಾಗ ಅಳು ಖಂಡಿತ.

ಬಿಚ್ಚಲು ಯಾವತ್ತೂ ಕೊಡಬಾರದ ಸಾಮಾನುಗಳು: ಟಿವಿ, ಮೈಕ್ರೋವೇವ್, ಇನ್ವರ್ಟರ್, ಮೊಬೈಲ್ ಚಾರ್ಜರ್, ಫ್ಲಾಶ್ ಇರುವ ಹಳೆಯ ಕ್ಯಾಮೆರಾ ಮತ್ತು ಸೊಳ್ಳೆ ಬ್ಯಾಟು. ಪ್ಲಗ್ ತೆಗೆದ ಮೇಲೂ ಇವುಗಳ ಒಳಗಿನ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ, ಷಾಕ್ ಹೊಡೆಯುವಷ್ಟು ವಿದ್ಯುತ್ ಹಿಡಿದುಕೊಂಡಿರಬಹುದು. ಮೊಬೈಲ್ ಕೂಡ ಬೇಡ. ಅದರ ಬ್ಯಾಟರಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಹತ್ತುತ್ತದೆ.

4. ರಂಗೋಲಿ ಪೆಟ್ಟಿಗೆ: ಏನು, ಎಷ್ಟು, ಯಾಕೆ

ಈಗ ಏಳು ವರ್ಷದ ಹುಡುಗನ ಕಡೆ ಬರೋಣ. ಚೀಟಿಯಲ್ಲಿ ಬರೆದಿದ್ದು "ಎಳೆ ಎಳೆಯುತ್ತಾನೆ".

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ರಂಗೋಲಿ ತಟ್ಟೆ, ತೂತುಗಳ ಅಚ್ಚು, ಉರುಳಿಸುವ ಕೊಳವೆ. ಇವನ್ನು ಬಿಡಿ. ಪುಡಿ ಹಾಕಿ ಒರೆಸಿದರೆ ಚಿತ್ತಾರ ತಾನೇ ಮೂಡುತ್ತದೆ, ಎಳೆ ಎಳೆಯುವ ಕೆಲಸವನ್ನೇ ಅವು ಕಿತ್ತುಕೊಳ್ಳುತ್ತವೆ. ಬಣ್ಣ ತುಂಬುವ ಮಗುವಿಗಾದರೆ ಅಚ್ಚು ಸರಿಯೇ.

ಮುಖ್ಯ ಸಾಮಾನು ಹಲಗೆ. 2 ಅಡಿ ಚೌಕದ, 6 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡನ್ನು ಬಡಗಿಯಿಂದ ಕತ್ತರಿಸಿ ತಂದು, ಅಂಚು ಮತ್ತು ಮೂಲೆಗಳನ್ನು ಮರಳು ಕಾಗದದಿಂದ ಉಜ್ಜಿ, ಬ್ಲ್ಯಾಕ್‌ಬೋರ್ಡ್ ಪೇಂಟ್ ಎರಡು ಸಲ ಬಳಿಯಿರಿ. ಹೊಳೆಯುವ ಪೇಂಟ್ ಬಳಿದರೆ ಪುಡಿ ನಿಲ್ಲದೆ ಜಾರುತ್ತದೆ. ಹೊಳಪಿಲ್ಲದ, ತುಸು ಒರಟು ಮೈಯೇ ಬೇಕು. ಪೇಂಟ್ ಪೂರ್ತಿ ಒಣಗಿ ವಾಸನೆ ಹೋಗಲು ಕೆಲವು ದಿನ ಬೇಕು. ಎರಡು ವಾರ ಮುಂಚೆ ಶುರು ಮಾಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಹಲಗೆಯಿಂದ ಇನ್ನೊಂದು ಲಾಭವಿದೆ. ಅಂಗಳವಿಲ್ಲದ ಅಪಾರ್ಟ್‌ಮೆಂಟಿನಲ್ಲೂ ಕೆಲಸ ನಡೆಯುತ್ತದೆ, ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳಬೇಕೋ ಬೇಡವೋ ಎಂಬುದನ್ನು ಹುಡುಗನೇ ತೀರ್ಮಾನಿಸಬಹುದು.

ಬಿಳಿ ಪುಡಿ 1 ಕೆಜಿ. ಬಣ್ಣ ಐದು ಸಾಕು, ತಲಾ 100 ಗ್ರಾಂ. ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುತ್ತಾರೆ, ಹಾಗೇ ಕೊಟ್ಟರೆ ಮೊದಲ ದಿನವೇ ಮನೆಯೆಲ್ಲ ಪುಡಿ. ಮಗುವಿನ ಮೂರು ಬೆರಳು ಸಲೀಸಾಗಿ ಒಳಹೋಗುವಷ್ಟು ಅಗಲ ಬಾಯಿಯ ಮುಚ್ಚಳದ ಡಬ್ಬಿಗಳಿಗೆ ಹಾಕಿ. ಬಿಳಿ ಪುಡಿಯನ್ನು ಚಿಟಿಕೆ ತೆಗೆದು ಬೆರಳಿನಿಂದ ಬಿಟ್ಟು ನೋಡಿ. ಹಿಟ್ಟಿನ ಹಾಗೆ ಉಂಡೆ ಕಟ್ಟಿದರೆ ಎಳೆ ತುಂಡು ತುಂಡಾಗಿ ಬರುತ್ತದೆ. ಸಣ್ಣ ರವೆಯ ಹಾಗೆ ಸರಾಗ ಸುರಿಯುವಂಥದ್ದು ಕಲಿಯುವ ಕೈಗೆ ಒಳ್ಳೆಯದು, ದೂಳೂ ಕಡಿಮೆ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಗೆ ಒಂದು ಚಿಟಿಕೆ ತಿಕ್ಕಿ. ಕಲೆ ಉಳಿಯುವ ಬಣ್ಣವನ್ನು ವಾಪಸ್ ಕೊಡಿ, ಅಜ್ಜಿಯ ಸೀರೆಗೋ ಸೋಫಾಗೋ ಅಂಟಿದ ದಿನ ಪೆಟ್ಟಿಗೆ ಅಟ್ಟ ಸೇರುತ್ತದೆ.

ಇನ್ನು ಪುಸ್ತಕ. ಗಣಿತದ ಚೌಕಳಿ ನೋಟ್ ಬುಕ್ ಒಂದು ತನ್ನಿ. ಮೊದಲ ಎರಡು ಪುಟಗಳಲ್ಲಿ ನೀವೇ ಚುಕ್ಕಿ ಇಟ್ಟುಕೊಡಿ, ಎಳೆ ಎಳೆಯಬೇಡಿ. ಮೊದಲ ಪುಟಕ್ಕೆ "5 ಚುಕ್ಕಿ, ಸಂದು 3ರವರೆಗೆ". ಗೊತ್ತಿಲ್ಲದವರಿಗೆ: ಸಂದು ಚುಕ್ಕಿ ಎಂದರೆ ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವಿನ ಜಾಗಕ್ಕೆ ಸರಿಯಾಗಿ ಕೆಳಗಿನ ಸಾಲಿನ ಚುಕ್ಕಿ ಬರುವುದು. ಸಾಲುಗಳು 3, 4, 5, 4, 3, ಒಟ್ಟು 19 ಚುಕ್ಕಿ. ಎರಡನೇ ಪುಟಕ್ಕೆ "7 ಚುಕ್ಕಿ, ಸಂದು 4ರವರೆಗೆ": 4, 5, 6, 7, 6, 5, 4, ಒಟ್ಟು 37. ಹಲಗೆಯ ಮೇಲೆ ಚುಕ್ಕಿಯಿಂದ ಚುಕ್ಕಿಗೆ 2 ಅಂಗುಲ ಬಿಟ್ಟರೆ ಏಳು ಚುಕ್ಕಿಯ ಸಾಲು 12 ಅಂಗುಲ ಆಗುತ್ತದೆ, ಎರಡೂ ಕಡೆ ಮೊಣಕೈ ಊರದೆ ಕೆಲಸ ಮಾಡಲು ಆರಾರು ಅಂಗುಲ ಉಳಿಯುತ್ತದೆ. ಒಂದು ಅಂಗುಲಕ್ಕೆ ಇಳಿಸಿದರೆ ಏಳು ವರ್ಷದ ಬೆರಳಿಗೆ ತಿರುವು ತೆಗೆಯಲು ಜಾಗ ಸಾಲದೆ ಪಕ್ಕದ ಎಳೆ ಅಳಿಸಿಹೋಗುತ್ತದೆ. ಒಂದು ಸ್ಕೇಲು ಮತ್ತು ಸೀಮೆಸುಣ್ಣವನ್ನೂ ಪೆಟ್ಟಿಗೆಗೆ ಹಾಕಿ.

ಕೊನೆಯದಾಗಿ ಒಂದು ಸಣ್ಣ ಪೊರಕೆ ಮತ್ತು ಗೋರುವ ತಟ್ಟೆ. ಇದನ್ನು ಮರೆಯಬೇಡಿ. ಮನೆಯವರ ವಿರೋಧ ಎಷ್ಟೋ ಸಲ ಶುರುವಾಗುವುದು "ಹುಡುಗ ರಂಗೋಲಿ ಹಾಕ್ತಾನೆ" ಎಂದಲ್ಲ, "ಇದನ್ನ ಯಾರು ಗುಡಿಸೋದು" ಎಂದು.

ಎಚ್ಚರಿಕೆ ಒಂದಿದೆ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಕೆಳಗೆ ಬೇಡ, ಮೇಲಿನಿಂದ ಸುರಿಯುವುದು ಬೇಡ, ಆದಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಉಬ್ಬಸ ಇರುವ ಮಗುವಾದರೆ ಪುಡಿಯನ್ನೇ ಬಿಟ್ಟು ಹಸಿ ರಂಗೋಲಿಗೆ ಹೋಗಿ: ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ನೀರು ಬೆರೆಸಿ, ಬಟ್ಟೆ ತುಂಡು ಅದ್ದಿ ಉಂಗುರ ಬೆರಳಿನಿಂದ ಎಳೆ ಬಿಡುವುದು. ಕಲಿಯಲು ತುಸು ಕಷ್ಟ, ಒಣಗಿದ ಮೇಲೆ ಚೆಂದ.

5. ಡಬ್ಬಿ, ಬಣ್ಣ ಮತ್ತು ಸುರಕ್ಷತೆಯ ಗುರುತು

ಒಳಗಿನ ಸಾಮಾನು ಸರಿ ಇದೆ, ಆದರೆ ಡಬ್ಬಿಯ ಮೇಲೆ ಜಡೆ ಹಾಕಿದ ಹುಡುಗಿಯ ಚಿತ್ರ, "ಫಾರ್ ಗರ್ಲ್ಸ್" ಎಂಬ ಬರಹ. ಇಂಥ ಕಡೆ ಡಬ್ಬಿಯನ್ನು ಬಿಸಾಕಿ, ಸಾಮಾನನ್ನು ಬಟ್ಟೆಯ ಚೀಲಕ್ಕೋ ಸ್ಟೀಲ್ ಡಬ್ಬಿಗೋ ಹಾಕಿ. ಬಳಸುವ ವಿಧಾನದ ಕಾಗದ, ವಯಸ್ಸಿನ ಗುರುತಿರುವ ಭಾಗ ಮತ್ತು ಬಿಲ್ಲನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡು ಮಗುವಿನ ಅಪ್ಪ ಅಮ್ಮನಿಗೆ ಕೊಡಿ. ಬರಹ ಸಾಮಾನಿನ ಮೇಲೆಯೇ ಅಚ್ಚಾಗಿದ್ದರೆ ಅದನ್ನು ಕೊಳ್ಳಬೇಡಿ.

ಗುಲಾಬಿ ಬಣ್ಣದ ಬಗ್ಗೆ ಕೆಲವರು ಅತಿಗೆ ಹೋಗುತ್ತಾರೆ, ಯಾವ ಮಗುವಿಗೂ ಗುಲಾಬಿ ಕೊಡಲೇಬಾರದು ಎಂಬಂತೆ. ಬಣ್ಣದ ತಪ್ಪೇನೂ ಇಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪು ವ್ಯಾಪಾರದ ಪತ್ರಿಕೆಯೊಂದು ಗುಲಾಬಿ ಗಂಡುಮಕ್ಕಳಿಗೆ, ನೀಲಿ ಹೆಣ್ಣುಮಕ್ಕಳಿಗೆ ಒಪ್ಪುತ್ತದೆ ಎಂದು ಬರೆದಿತ್ತು. ಕಾರಣ, ಗುಲಾಬಿ ಗಟ್ಟಿ ಬಣ್ಣವಂತೆ! ಮಗುವಿಗೆ ಯಾವ ಬಣ್ಣ ಇಷ್ಟ ಎಂದು ಫೋನಿನಲ್ಲಿ ಕೇಳಿ, ಅದನ್ನೇ ತನ್ನಿ.

ಸುರಕ್ಷತೆಗೆ ಬರೋಣ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಭಾರತದಲ್ಲಿ 2021ರ ಜನವರಿ 1ರಿಂದ ಕಡ್ಡಾಯ. ಆದರೆ ಚನ್ನಪಟ್ಟಣದ ಬೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ನಕಲಿ ಎಂದುಕೊಳ್ಳಬೇಡಿ. ನೋಂದಾಯಿತ ಕರಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ, ಜಿಐ ಗುರುತಿನ, ಅಂದರೆ ಇಂಥ ಊರಿನದೇ ಎಂದು ಕಾನೂನು ಗುರುತಿಸಿದ ಆಟಿಕೆಗಳಿಗೂ ಆ ಕಡ್ಡಾಯದಿಂದ ವಿನಾಯಿತಿ ಇದೆ. ಅಂದಹಾಗೆ, ಅರಗಿನ ಬಣ್ಣದ ಆ ಬುಗುರಿ, ಗಾಡಿ, ಅಡುಗೆ ಸಾಮಾನುಗಳಲ್ಲಿ ಹಳದಿ, ಕೆಂಪು, ಹಸಿರು ಎಲ್ಲ ಬೆರೆತೇ ಇರುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೆ ಗಂಡು ಹೆಣ್ಣೆಂಬ ತಲೆನೋವೇ ಇಲ್ಲದ ಉಡುಗೊರೆ ಬೇಕೆಂದರೆ ಅವೇ ಸುಲಭ.

ಹೆಣೆಯುವ, ಪೋಣಿಸುವ ಕಿಟ್ ಕೊಡುತ್ತಿದ್ದರೆ ಮನೆಯಲ್ಲಿ ಮೂರು ವರ್ಷದೊಳಗಿನ ತಮ್ಮ ತಂಗಿ ಇದ್ದಾರೆಯೇ ಕೇಳಿ. ಪರೀಕ್ಷಾ ಪ್ರಯೋಗಾಲಯಗಳು ಸುಮಾರು 3.2 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಹಿಡಿಯುವ ತುಂಡನ್ನು ಆ ವಯಸ್ಸಿನವರ ಗಂಟಲಿಗೆ ಅಪಾಯ ಎಂದು ಎಣಿಸುತ್ತವೆ. ಮನೆಯಲ್ಲಿ ಲೆಕ್ಕಕ್ಕೆ, ಸ್ಕೇಲಿನಲ್ಲಿ ಅಳೆದು ಅಷ್ಟು ಅಗಲದ ಅಥವಾ ಅದಕ್ಕಿಂತ ಚಿಕ್ಕ ಮಣಿ, ಗುಂಡಿ ಯಾವುದೂ ಬೇಡ. ಬಿಲ್ಲೆ ಸೆಲ್ ಹಾಕುವ ಆಟಿಕೆಯಾದರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನುಂಗಿದ ಬಿಲ್ಲೆ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಮುರಿದ ಆಟಿಕೆಯಿಂದ ಬೀಳುವ ಪುಟ್ಟ ಅಯಸ್ಕಾಂತಗಳೂ ಹಾಗೆಯೇ ಅಪಾಯ.

6. ಮನೆಯ ಹಿರಿಯರಿಗೆ ಮೊದಲೇ ಹೇಳಿ

ಉಡುಗೊರೆ ಬಿಚ್ಚಿದ ಮೇಲೆ ಎಲ್ಲರ ಮುಂದೆ "ಅಯ್ಯೋ, ಗಂಡು ಹುಡ್ಗಂಗೆ ಇದೇನಿದು" ಎಂಬ ಮಾತು ಬಂದರೆ ಪೆಟ್ಟು ಬೀಳುವುದು ನಿಮಗಲ್ಲ, ಮಗುವಿಗೆ. ಹಾಗಾಗಿ ಆ ಮಾತು ಬರುವುದಿದ್ದರೆ ಎರಡು ದಿನ ಮುಂಚೆ ಫೋನಿನಲ್ಲಿ ಬಂದು ಹೋಗಲಿ. ಮೊದಲು ಅಪ್ಪ ಅಮ್ಮನ ಒಪ್ಪಿಗೆ ಪಡೆಯಿರಿ. ಅವರು ಬೇಡವೆಂದರೆ ಗುಟ್ಟಾಗಿ ಕೊಡಲು ಹೋಗಬೇಡಿ. ನೀವು ಎದ್ದು ಬಂದಮೇಲೆ ಬೈಸಿಕೊಳ್ಳುವವನು ಆ ಹುಡುಗ.

ಅಜ್ಜ ಅಜ್ಜಿಯರ ಹತ್ತಿರ ಹಕ್ಕು, ಸಮಾನತೆ ಎಂದು ಭಾಷಣ ಬೇಡ. ಅವರು ಕಂಡಿರುವುದನ್ನೇ ನೆನಪಿಸಿದರೆ ಸಾಕು. ಕರಾವಳಿಯವರಾದರೆ ನಾಗಮಂಡಲದ ಹೆಸರು ಹೇಳಿ. ಚಪ್ಪರದ ತುಂಬ ಹರಡುವ ಆ ಮಂಡಲವನ್ನು ಬರೆಯುವವರು ವೈದ್ಯರು ಎಂದು ಕರೆಸಿಕೊಳ್ಳುವ ಗಂಡಸರು. ಬಿಳಿ, ಅರಿಸಿನದ ಹಳದಿ, ಅರಿಸಿನಕ್ಕೆ ಸುಣ್ಣ ಸೇರಿಸಿದ ಕೆಂಪು, ಎಲೆಯ ಪುಡಿಯ ಹಸಿರು, ಸುಟ್ಟ ಭತ್ತದ ಹೊಟ್ಟಿನ ಕಪ್ಪು, ಹೀಗೆ ಐದು ಬಣ್ಣ. ಪೆಟ್ಟಿಗೆಗೆ ಐದೇ ಬಣ್ಣ ಸಾಕು ಎಂದು ಮೇಲೆ ಹೇಳಿದ್ದರ ಹಿಂದೆ ಈ ಲೆಕ್ಕವೂ ಇದೆ. ಬಯಲುಸೀಮೆಯವರಾದರೆ ಮದುವೆ ಮನೆಯ ಅಡುಗೆ ಭಟ್ಟರು, ಮಾರ್ಕೆಟ್ಟಿನಲ್ಲಿ ಕೂತು ಹೂವಿನ ಹಾರ ಕಟ್ಟುವ ಗಂಡಸರು, ಬ್ಲೌಸ್ ಹೊಲಿಯುವ ದರ್ಜಿ ಎಲ್ಲರಿಗೂ ಗೊತ್ತು. "ಅತ್ತೆ, ಅವನಿಗೆ ಕೈ ಚೆನ್ನಾಗಿ ಓಡುತ್ತೆ, ಚುಕ್ಕಿ ಲೆಕ್ಕ ನೀವೇ ಹೇಳಿಕೊಡ್ಬೇಕು" ಎಂದು ಅಜ್ಜಿಗೇ ಒಂದು ಕೆಲಸ ಒಪ್ಪಿಸಿದರೆ ವಿರೋಧ ಅರ್ಧಕ್ಕೆ ಇಳಿಯುತ್ತದೆ. ಎಲ್ಲರ ಹತ್ತಿರವೂ ಇಳಿಯುವುದಿಲ್ಲ, ನಿಜ. ಅಂಥ ಮನೆಯಾದರೆ ಹಲಗೆ ಮತ್ತು ಪುಸ್ತಕ ಈ ವರ್ಷ, ಪುಡಿ ಮುಂದಿನ ವರ್ಷ ಎಂದು ಎರಡು ಹೆಜ್ಜೆಯಲ್ಲಿ ಹೋಗಿ. ಸೀಮೆಸುಣ್ಣದಲ್ಲೂ ಎಳೆ ಎಳೆಯಬಹುದು.

7. ಕೊಡುವ ಗಳಿಗೆ

ಎಲ್ಲರ ಮುಂದೆ ಬಿಚ್ಚಬೇಕೇ ಎಂಬುದನ್ನು ಮಗುವಿಗೆ ಬಿಡಿ. ತರಗತಿಯ ಗೆಳೆಯರು ಸುತ್ತ ನಿಂತಿರುವಾಗ ರಂಗೋಲಿ ಪೆಟ್ಟಿಗೆ ಹೊರಬರುವುದು ಅವನಿಗೆ ಬೇಡವಾಗಿರಬಹುದು. ಪಾರ್ಟಿ ಮುಗಿದ ಮೇಲೆ ಅಥವಾ ಹಿಂದಿನ ದಿನ ಕೊಡುವುದು ಎಷ್ಟೋ ಮೇಲು. ಶಾಲೆಗೆ ಒಯ್ಯುವುದು, ಹಾಕಿದ ರಂಗೋಲಿಯ ಫೋಟೋವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕುವುದು, ಎರಡನ್ನೂ ಅವನನ್ನು ಕೇಳಿಯೇ ಮಾಡಬೇಕು.

ಕೊಡುವಾಗ ಹೇಳುವ ಮಾತಿನಲ್ಲಿ ಹುಡುಗ, ಹುಡುಗಿ ಎಂಬ ಪದಗಳೇ ಬರದಿರಲಿ. "ಹುಡುಗ ಆದ್ರೂ ಪರವಾಗಿಲ್ಲ, ನೀನು ಹಾಕು" ಎಂಬುದು ಧೈರ್ಯದ ಮಾತಿನ ಹಾಗೆ ಕೇಳುತ್ತದೆ, ಆದರೆ ಪರವಾಗಿಲ್ಲ ಎನ್ನಬೇಕಾದಂಥದ್ದು ಏನೋ ಇದೆ ಎಂದು ಅವನಿಗೆ ಕಲಿಸುವುದೂ ಅದೇ ಮಾತು. ಅದರ ಬದಲು ಕಂಡಿದ್ದನ್ನು ಹೇಳಿ: "ಯುಗಾದಿ ದಿನ ಬಾಗಿಲ ಮುಂದೆ ಹಾಕಿದ್ಯಲ್ಲ, ಆ ಮೂಲೆಯ ತಿರುವು ಒಂದ್ಸಲಾನೂ ಕೈ ಎತ್ತದೆ ತೆಗ್ದಿದ್ದೆ. ಅದಕ್ಕೆ ಇದು."

ನೀವೇ ಹುಟ್ಟುಹಬ್ಬ ಮಾಡುವವರಾಗಿ ರಿಟರ್ನ್ ಗಿಫ್ಟ್ ಕೊಡುವುದಿದ್ದರೆ, ಗುಲಾಬಿ ಚೀಲ ಹುಡುಗಿಯರಿಗೆ, ನೀಲಿ ಹುಡುಗರಿಗೆ ಎಂದು ಎರಡು ಗುಡ್ಡೆ ಹಾಕಬೇಡಿ. ಒಂದೇ ಬುಟ್ಟಿಯಲ್ಲಿ ಎಲ್ಲ ಬೆರೆಸಿಟ್ಟು, ಮಕ್ಕಳ ಸಂಖ್ಯೆಗಿಂತ ನಾಲ್ಕೈದು ಹೆಚ್ಚೇ ಇಟ್ಟು, ತಾವೇ ಆರಿಸಿಕೊಳ್ಳಲಿ ಎನ್ನಿ. ಹೆಚ್ಚು ಇಡದಿದ್ದರೆ ಕೊನೆಗೆ ಬಂದ ಮಗುವಿಗೆ ಆಯ್ಕೆ ಉಳಿಯುವುದಿಲ್ಲ.

8. ಒಂದು ತಿಂಗಳ ನಂತರ

ಉಡುಗೊರೆ ಸರಿಹೋಯಿತೇ ಎಂದು ಮಗುವನ್ನು ಕೇಳಿದರೆ "ಚೆನ್ನಾಗಿದೆ" ಎಂದಷ್ಟೇ ಹೇಳುತ್ತದೆ. ಡಬ್ಬಿಗಳನ್ನು ನೋಡಿ. ಬಣ್ಣಗಳು ಖಾಲಿಯಾಗಿ ಬಿಳಿ ಹಾಗೇ ಇದ್ದರೆ ನೀವು ಚೀಟಿಯಲ್ಲಿ ಬರೆದಿದ್ದು ತಪ್ಪು, ಅವನು ಬಣ್ಣ ತುಂಬುವವನು, ಮುಂದಿನ ಬಾರಿ ಅಚ್ಚು ಕೊಡಬಹುದು. ಪುಸ್ತಕ ತುಂಬಿ ಹಲಗೆ ಹೊಸದರ ಹಾಗೇ ಇದ್ದರೆ ಅವನಿಗೆ ಬೇಕಿರುವುದು ಎಣಿಕೆ, ಜ್ಯಾಮಿತಿ ಪೆಟ್ಟಿಗೆ ಮತ್ತು ಒಳ್ಳೆಯ ಕೈವಾರ ನೋಡಿ. ಏನೂ ಮುಟ್ಟಿಲ್ಲವೆಂದರೆ ಯಾರಾದರೂ ಏನಾದರೂ ಅಂದರೇ ಎಂದು ಅವನ ಅಮ್ಮನನ್ನು ಕೇಳಿ. ಮಕ್ಕಳ ಇಷ್ಟ ತಾನಾಗಿ ಬದಲಾಗುವುದೂ ಉಂಟು. ಹಾಗಾಗಿದ್ದರೆ ಬಲವಂತ ಬೇಡ.

ಎಳೆ ಎಳೆಯುವ ಹುಡುಗನ ಮನೆಯಲ್ಲಿ ಮೊದಲು ಖಾಲಿಯಾಗುವುದು ಬಿಳಿ ಡಬ್ಬಿ. ಹಾಗಾಗಿದ್ದರೆ ದೀಪಾವಳಿಗೆ ಹೊಸದೇನನ್ನೂ ಹುಡುಕಬೇಡಿ. ಅದೇ ಅಂಗಡಿಯ ಅದೇ ಬಿಳಿ ಪುಡಿ ಎರಡು ಕೆಜಿ ಕಟ್ಟಿಸಿಕೊಂಡು ಹೋಗಿ.